ಇಲಿ ಔಷಧಿಯ ಕೆಳಗೆ ಒಂದು ದಿನದ ರಜೆ

ಚಾಮರಾಜಪೇಟೆಯಲ್ಲಿರುವ ಸ್ಟೀಲ್ ಪಾತ್ರೆಗಳ ಗೋಡೌನೊಂದಕ್ಕೆ ನಾನು ಇನ್‌ಚಾರ್ಜ್. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ಲಾರಿಯಿಂದ ಮೂಟೆ ಇಳಿಸುವುದರಿಂದ ಶುರು ಮಾಡಿ, ಗೋಡೌನಿನ ಬೀಗದ ಕೈ ಇಟ್ಟುಕೊಳ್ಳುವ ತನಕ ಬಂದೆ. ಯಾರ ಶಿಫಾರಸೂ ಇರಲಿಲ್ಲ. ಹಾಗಾಗಿ ಇನ್ನೊಬ್ಬರ ಮುಂದೆ ಏನಾದರೂ ಕೇಳುವುದೆಂದರೆ ನನಗೆ ಆಗಿಬರುವುದಿಲ್ಲ. ರಜೆ ಕೇಳುವುದಂತೂ ಇನ್ನೂ ಕಷ್ಟ.

ಹಳೆಯ ಮ್ಯಾನೇಜರ್ ಇದ್ದಾಗ ಅದಕ್ಕೊಂದು ಪದ್ಧತಿ ಇತ್ತು. ಅವರು ಬೆಳಿಗ್ಗೆ ಗೋಡೌನಿಗೆ ಬಂದಾಗ ಎದುರಿಗೆ ನಿಂತು, ಮನೆಯಲ್ಲಿ ಎಲ್ಲ ಹೇಗಿದ್ದಾರೆ ಎಂದು ವಿಚಾರಿಸಿ, ಬರಬೇಕಾದ ಲೋಡಿನ ಮಾತಾಡಿ, ಕೊನೆಗೆ ಸುಮ್ಮನೆ ತಲೆ ಕೆರೆದುಕೊಂಡರೆ ಆಯಿತು. ಯಾವತ್ತು ಬೇಕಪ್ಪ ಎಂದು ಅವರೇ ಕೇಳುತ್ತಿದ್ದರು. ನಾನು ಬಾಯಿಬಿಟ್ಟು ರಜೆ ಎಂದದ್ದೇ ಇಲ್ಲ.

ಅವರು ರಿಟೈರ್ ಆದ ಮೇಲೆ ಬಂದ ಮೇಡಂ ಕೂರುವುದು ಬಸವನಗುಡಿಯ ಹೆಡ್ಡಾಫೀಸಿನಲ್ಲಿ. ಗೋಡೌನುಗಳು, ಶೋರೂಮುಗಳು ಎಲ್ಲ ಅವರ ಕೈಕೆಳಗೇ. ಕ್ಯಾಶುಯಲ್ ಲೀವ್ ಬೇಕಾದವರು ಮೊದಲೇ ಮೇಲ್ ಹಾಕಿ, ಕನ್ನಡದಲ್ಲಿ ಹಾಕಿದರೂ ಸರಿ ಎಂದು ಎಲ್ಲರಿಗೂ ತಿಳಿಸಿದರು. ಫೋನಿನಲ್ಲಿ ಕನ್ನಡ ಟೈಪು ಮಾಡುವುದು ನನಗೆ ಬರುತ್ತದೆ. ಮೇಲ್ ಹಾಕುವುದು ಹೇಗೆಂದು ಮಾತ್ರ ಯಾರನ್ನೂ ಕೇಳಲಿಲ್ಲ. ಇದರಲ್ಲೇನು ಬ್ರಹ್ಮವಿದ್ಯೆ ಇದೆ ಎಂದುಕೊಂಡೆ.

ಅಷ್ಟರಲ್ಲಿ ಹನುಮಂತನಗರದಲ್ಲಿರುವ ನನ್ನ ತಂಗಿ ತನ್ನ ಮಗಳಿಗೆ ಕಿವಿ ಚುಚ್ಚಿಸುವ ದಿನ ಗೊತ್ತು ಮಾಡಿದಳು. ಬುಧವಾರ ಬೆಳಿಗ್ಗೆ. ನಮ್ಮಲ್ಲಿ ಕಿವಿ ಚುಚ್ಚುವಾಗ ಮಗು ಸೋದರಮಾವನ ತೊಡೆಯ ಮೇಲೆ ಕೂತಿರಬೇಕು. ಅವಳಿಗಿರುವ ಒಬ್ಬನೇ ಅಣ್ಣ ನಾನು. ನಾನಿಲ್ಲದಿದ್ದರೆ ಆ ಜಾಗಕ್ಕೆ ದೂರದ ಯಾರನ್ನೋ ಕೂರಿಸಬೇಕು. ಅದು ಅವಳಿಗೂ ಬೇಡ, ನನಗೂ ಬೇಡ.

ಮೇಡಂ ವಿಳಾಸ ಎಲ್ಲಿ ಹುಡುಕುವುದು? ಅವರಿಂದ ಬಂದಿದ್ದ ಒಂದು ಮೇಲ್ ಫೋನಿನಲ್ಲಿ ಇತ್ತು. ಗೋಡೌನಿಗೆ ಇಲಿ ಔಷಧಿ ಇಡಿಸುವ ವಿಚಾರ. ಅದನ್ನೇ ತೆರೆದು, ಕೆಳಗೆ ರಿಪ್ಲೈ ಒತ್ತಿ ಬರೆಯಲು ಕೂತೆ. ದೊಡ್ಡವರಿಗೆ ಬರೆಯುವಾಗ ಮರ್ಯಾದೆ ಇರಬೇಕಲ್ಲ. ಹಾಗಾಗಿ ಮಾನ್ಯ ಮೇಡಂ ಅವರಿಗೆ ನಮಸ್ಕಾರಗಳು ಎಂದು ಶುರು ಮಾಡಿ, ತಾವೂ ಕುಟುಂಬದವರೂ ಕ್ಷೇಮವೆಂದು ಭಾವಿಸುತ್ತೇನೆ ಎಂದು ಸೇರಿಸಿ, ಇಲ್ಲಿ ಗೋಡೌನಿನಲ್ಲಿ ಎಲ್ಲವೂ ಚೆನ್ನಾಗಿ ನಡೆಯುತ್ತಿದೆ ಎಂದು ಬರೆದೆ. ಆಮೇಲೆ ನನ್ನ ಸರ್ವೀಸಿನ ಬಗ್ಗೆ ನಾಲ್ಕು ಮಾತು, ಸೋದರಮಾವನ ಜವಾಬ್ದಾರಿಯ ಬಗ್ಗೆ ಇನ್ನು ನಾಲ್ಕು ಮಾತು. ಬುಧವಾರದ ಮಾತು ಬಂದದ್ದು ಎಲ್ಲಕ್ಕಿಂತ ಕೆಳಗೆ, ಇಂತಿ ತಮ್ಮ ವಿಶ್ವಾಸಿ ಎನ್ನುವುದಕ್ಕೆ ಒತ್ತಿಕೊಂಡು.

ಸ್ವಲ್ಪ ಹೊತ್ತಿಗೇ ಉತ್ತರ ಬಂತು. 'ಒಳ್ಳೆಯದು, ಥ್ಯಾಂಕ್ಸ್.' ನೋಡು, ಎಷ್ಟು ಸುಲಭ ಎಂದು ನನಗೇ ಖುಷಿಯಾಯಿತು. ತಂಗಿಗೆ ಫೋನು ಮಾಡಿ ರಜೆ ಸಿಕ್ಕಿತು ಎಂದೆ.

ಸೋಮವಾರ ಮಧ್ಯಾಹ್ನ ಮೇಡಂ ಎಲ್ಲ ಗೋಡೌನುಗಳಿಗೂ ಆ ವಾರದ ಡ್ಯೂಟಿ ಕಳಿಸಿದರು. ಬುಧವಾರ ಬೆಳಿಗ್ಗೆ ಚೆನ್ನೈ ಲಾರಿ, ಇಳಿಸಿಕೊಳ್ಳಬೇಕಾದವನು ನಾನು.

ಮೈಯೆಲ್ಲ ಉರಿದುಹೋಯಿತು. ಕೊಡುವುದಿಲ್ಲ ಎಂದಿದ್ದರೆ ಒಂದು ಲೆಕ್ಕ. ಕೊಟ್ಟು ಕಿತ್ತುಕೊಳ್ಳುವುದು ಎಂಥ ನ್ಯಾಯ? ಇಷ್ಟು ವರ್ಷ ಬೆವರು ಸುರಿಸಿದವನು ಒಂದು ದಿನಕ್ಕೆ ಎರಡನೇ ಸಲ ಕೈ ಚಾಚಬೇಕಾ? ಚಾಚುವುದಿಲ್ಲ ಎಂದು ನಿರ್ಧಾರ ಮಾಡಿ, ಕೆಲಸ ಮುಗಿಸಿಕೊಂಡು ಬಸ್ಸು ಹತ್ತಿದೆ. ಬುಧವಾರ ಬರಲಾಗುವುದಿಲ್ಲ ಎಂಬುದನ್ನು ತಂಗಿಗೆ ಮುಖ ಕೊಟ್ಟೇ ಹೇಳೋಣ ಎಂದು.

ಅವಳು ಒಂದು ಸ್ಕೂಲಿನ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಟೀಚರುಗಳ ರಜೆ ಮೇಲ್‌ಗಳೆಲ್ಲ ಅವಳ ಕಣ್ಣ ಮುಂದೆಯೇ ಹಾದುಹೋಗಬೇಕು. ನನ್ನ ಕೂಗಾಟವನ್ನೆಲ್ಲ ಅಕ್ಕಿ ಆರಿಸುತ್ತಲೇ ಕೇಳಿಸಿಕೊಂಡು, ಫೋನು ತೋರಿಸು ಎಂದಳು. ಓದಿದಳು. ಮತ್ತೆ ಮೇಲಕ್ಕೆ ಹೋಗಿ ಓದಿದಳು. ಆಮೇಲೆ ಮೊರವನ್ನು ಪಕ್ಕಕ್ಕಿಟ್ಟು ನಕ್ಕಳು ನೋಡಿ, ಒಳಗೆ ಮಲಗಿದ್ದ ಮಗು ಎದ್ದುಬಿಟ್ಟಿತು.

"ಅಣ್ಣ, ನೀನು ಇಲಿ ಔಷಧಿ ಕೆಳಗೆ ರಜೆ ಕೇಳಿದೀಯ."

"ಅವ್ರ ಮೇಲ್ ಅಲ್ವೇನೇ ಅದು? ಅವ್ರಿಗೇ ಹೋಗುತ್ತೆ."

"ಹೋಗುತ್ತೆ. ಆದ್ರೆ ತಲೆ ಮೇಲೆ ಇಲಿ ಔಷಧಿ ಅಂತಾನೇ ಇರುತ್ತೆ. ಅದರ ಕೆಳಗೆ ಎಲ್ಲ ಚೆನ್ನಾಗಿ ನಡೀತಿದೆ ಅಂತ ನೀನು ಬರ್ದಿದೀಯ. ಇಲಿ ಕಾಟ ಹೋಯ್ತು ಅಂದ್ಕೊಂಡು ಅವರು ಥ್ಯಾಂಕ್ಸ್ ಹೇಳಿದಾರೆ. ಬುಧವಾರದ ತನಕ ಇಳಿದು ಯಾರು ಓದ್ತಾರೆ?"

ಮೇಡಂಗೆ ದಿನಕ್ಕೆ ಬೇಕಾದಷ್ಟು ಮೇಲ್ ಬರುತ್ತದೆ, ಫೋನಿನಲ್ಲಿ ಮೊದಲು ಕಾಣುವುದು ವಿಷಯದ ಸಾಲು, ಅದರ ಪಕ್ಕಕ್ಕೋ ಕೆಳಗೋ ಮೊದಲ ವಾಕ್ಯದ ಒಂದಿಷ್ಟು, ಅದರಲ್ಲೇ ಕೇಳುವುದನ್ನು ಕೇಳಿಬಿಡಬೇಕು ಎಂದು ವಿವರಿಸಿದಳು. ನನಗೆ ಅವಮಾನವೂ ಆಯಿತು, ಸಮಾಧಾನವೂ ಆಯಿತು. ಮೇಡಂ ಕಿತ್ತುಕೊಂಡಿರಲಿಲ್ಲ, ಕೊಟ್ಟೇ ಇರಲಿಲ್ಲ.

ಹೊಸ ಮೇಲ್ ತೆರೆದಳು. ವಿಷಯ ಎಂದಿರುವ ಕಡೆ ನಾನು 'ಒಂದು ವಿನಂತಿ' ಎನ್ನು ಎಂದೆ. ಅವಳು ಒಪ್ಪಲಿಲ್ಲ. ವಿನಂತಿ ಎಂದರೆ ಸಂಬಳ ಜಾಸ್ತಿ ಮಾಡಿ ಎನ್ನುವುದೂ ವಿನಂತಿಯೇ, ಟೇಬಲ್ ಫ್ಯಾನು ಕೊಡಿಸಿ ಎನ್ನುವುದೂ ವಿನಂತಿಯೇ, ಏನು, ಯಾವತ್ತು, ಎಷ್ಟು ದಿನ ಎಂಬುದು ಮೇಲ್ ತೆರೆಯದೆಯೇ ಗೊತ್ತಾಗಬೇಕು ಎಂದು ಹೀಗೆ ಟೈಪು ಮಾಡಿದಳು: 'ಕ್ಯಾಶುಯಲ್ ಲೀವ್ ಕೋರಿಕೆ: ಬುಧವಾರ, 21ನೇ ತಾರೀಕು, ಒಂದು ದಿನ.'

ಮೊದಲ ವಾಕ್ಯಕ್ಕೆ ನಮ್ಮಿಬ್ಬರಿಗೂ ಜಗಳವೇ ಆಯಿತು. ಕ್ಷೇಮಸಮಾಚಾರ ಇಲ್ಲದೆ ಬಾಯಿಬಿಟ್ಟು ಕೇಳುವುದು ನನಗೆ ಆರ್ಡರ್ ಹಾಕಿದ ಹಾಗೆ ಕಂಡಿತು.

"ಕೋರುತ್ತೇನೆ ಅಂತ ಹಾಕಿದೀನಲ್ಲ ಅಣ್ಣ. ಇನ್ನೇನು, ಮೇಲ್ ಒಳಗಿಂದ ಕಾಲು ಮುಟ್ಟಿ ನಮಸ್ಕಾರ ಮಾಡ್ಬೇಕಾ?"

ಕೊನೆಗೆ ನಿಂತದ್ದು ಇಷ್ಟು: 'ನಮಸ್ತೆ ಮೇಡಂ, ತಂಗಿಯ ಮಗಳ ಕಿವಿ ಚುಚ್ಚುವ ಕಾರ್ಯ ಇರುವುದರಿಂದ ಬುಧವಾರ 21ರಂದು ಒಂದು ದಿನ ಕ್ಯಾಶುಯಲ್ ಲೀವ್ ಕೊಡಬೇಕೆಂದು ಕೋರುತ್ತೇನೆ.' ಸರ್ವೀಸಿನ ನಾಲ್ಕು ಮಾತಿಗೆ ಜಾಗ ಸಿಗಲಿಲ್ಲ. ಆದರೆ ಲಾರಿಯ ವಿಷಯ ಬರೆಯದೆ ಕಳಿಸಲು ನಾನು ಬಿಡಲಿಲ್ಲ. ಬಾಗಿಲಿಗೆ ಬಂದ ಲೋಡನ್ನು ನಿಲ್ಲಿಸಿ ಹೋಗುವವನು ನಾನಲ್ಲ. ಅಲ್ಲಿಂದಲೇ ನನ್ನ ಜೊತೆಯ ಸ್ಟೋರ್‌ಕೀಪರಿಗೆ ಫೋನು ಮಾಡಿ ಕೇಳಿದೆ. ನೀನು ಹೋಗಿ ಬಾ ಗುರು, ನಾನು ಇಳಿಸ್ಕೊಳ್ತೀನಿ ಎಂದ. ಎರಡನೇ ವಾಕ್ಯವಾಗಿ ಅದನ್ನು ಸೇರಿಸಿ, ಕೆಳಗೆ ನನ್ನ ಹೆಸರು ಹಾಕಿ ನಾನೇ ಒತ್ತಿದೆ.

ಮರುದಿನ ಬೆಳಿಗ್ಗೆ ಗೋಡೌನಿನ ಶಟರು ಎತ್ತುವಾಗಲೇ ಮೇಡಂ ಫೋನು ಬಂತು. ಲೀವ್ ಕೊಟ್ಟಿದೀನಿ, ಮೇಲ್‌ನಲ್ಲೂ ಹಾಕ್ತೀನಿ ಎಂದವರು, ಇದನ್ನು ಡ್ಯೂಟಿ ಹಾಕುವ ಮೊದಲೇ ಹೇಳಬಾರದಿತ್ತಾ ಎಂದರು.

"ಹೇಳಿದ್ದೆ ಮೇಡಂ. ಇಲಿ ಔಷಧಿ ಮೇಲ್‌ನಲ್ಲಿ ಕೆಳಗಡೆ ಇದೆ."

ಅವರು ಆ ಮೇಲನ್ನು ಹುಡುಕಿ ತೆಗೆದಿರಬೇಕು. ಆಮೇಲೆ ನಗು ತಡೆದುಕೊಳ್ಳುತ್ತಿರುವುದು ಗೊತ್ತಾಯಿತು. "ಹಾಗಾದ್ರೆ ಇಲಿ ಹೋಗಿಲ್ವಾ?" ಎಂದರು. ಇಲ್ಲ ಮೇಡಂ, ಇನ್ನೂ ಓಡಾಡ್ತಿವೆ ಎಂದೆ. ಔಷಧಿ ಇಡುವವರು ಮಧ್ಯಾಹ್ನವೇ ಬಂದರು.

ಬುಧವಾರ ತಂಗಿಯ ಮನೆಯ ನಡುಮನೆಯಲ್ಲಿ ಪಂಚೆ ಉಟ್ಟು ಮಣೆಯ ಮೇಲೆ ಕೂತೆ. ಮಗುವನ್ನು ತೊಡೆಗೆ ಹಾಕಿದರು. ಅಕ್ಕಸಾಲಿಗರು ಚಿನ್ನದ ತಂತಿ ತೆಗೆದಾಗ ತಲೆ ಅಲ್ಲಾಡದ ಹಾಗೆ ಗಟ್ಟಿಯಾಗಿ ಹಿಡ್ಕೊಳ್ಳಿ ಎಂದರು. ಕ್ವಿಂಟಾಲುಗಟ್ಟಲೆ ಪಾತ್ರೆ ಹಿಡಿದ ಕೈ ಅದು. ಅಷ್ಟು ಚಿಕ್ಕ ತಲೆಯನ್ನು ಎಷ್ಟು ಗಟ್ಟಿ ಹಿಡಿಯಬೇಕೋ ಅದಕ್ಕೆ ತಿಳಿಯಲಿಲ್ಲ. ಒಂದು ಕಿವಿ ಮುಗಿಯುವ ಹೊತ್ತಿಗೆ ಮಗು ಕಿರುಚಿ ನನ್ನ ಮೀಸೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತು. ಎರಡನೇ ಕಿವಿ ಮುಗಿದರೂ ಬಿಡಲಿಲ್ಲ.