ಹೊರಗಿನವರ ಕೆಮ್ಮಿಗೆ ಎರಡು ಅಂಕ

ಸೂರತ್ ಹೊರವಲಯದ ಸಚಿನ್ ಕೈಗಾರಿಕಾ ಪ್ರದೇಶದ ಬಣ್ಣದ ಕಾರ್ಖಾನೆಯೊಂದರಿಂದ ಅನಿಲ ಸೋರಿದ ಬೆಳಿಗ್ಗೆ ನಾನು ಅದರ ಗೇಟಿನ ಮುಂದೆ ಆಟೋಗೆ ಕಾಯುತ್ತಿದ್ದೆ. ಒಳಗಿನಿಂದ ಓಡಿ ಬಂದ ಕೆಲಸಗಾರನೊಬ್ಬ ನನ್ನ ಕಾಲ ಬಳಿ ಕುಸಿದ. ನಾನು ದುಪಟ್ಟಾವನ್ನು ಮೂಗಿಗೆ ಒತ್ತಿಕೊಂಡು ಅವನನ್ನು ದಾಟಿ ಓಡಿದೆ. ಆ ಹೆಜ್ಜೆಯನ್ನು ಈಗಲೂ ದಿನಕ್ಕೆ ಹತ್ತು ಸಲ ಇಡುತ್ತೇನೆ.

ಸೂರತ್‌ನ ಶಾಲೆಯೊಂದರಲ್ಲಿ ಹನ್ನೆರಡನೆಯ ತರಗತಿಗೆ ನಾನು ಅರ್ಥಶಾಸ್ತ್ರ ಕಲಿಸುತ್ತೇನೆ. ಪೂರ್ವಸಿದ್ಧತಾ ಪರೀಕ್ಷೆಗೆ ಆ ಸುದ್ದಿಯನ್ನೇ ಎಂಟು ಸಾಲಿನ ಗದ್ಯಭಾಗ ಮಾಡಿ, ಕೆಳಗೆ ಮೂರು ಉಪಪ್ರಶ್ನೆ ಕೊಟ್ಟೆ. ಬಾಹ್ಯ ವೆಚ್ಚ ಎಂದರೇನು, ಎರಡು ಅಂಕ. ಗದ್ಯಭಾಗದಿಂದ ಅಂಥ ಎರಡು ವೆಚ್ಚ ಗುರುತಿಸಿ ವಿವರಿಸಿ, ನಾಲ್ಕು ಅಂಕ. ಮಾಲಿನ್ಯ ತೆರಿಗೆಯಿಂದ ಪರಿಹಾರ ಸಿಗುವುದೇ, ಚರ್ಚಿಸಿ, ಎಂಟು ಅಂಕ.

ನನ್ನ ತರಗತಿಯಲ್ಲಿದ್ದ ಅದೇ ಕಾರ್ಖಾನೆಯ ಮೇಸ್ತ್ರಿಯ ಮಗಳು, ರಾಯಚೂರು ಕಡೆಯವಳು, ಎರಡನೆಯದಕ್ಕೆ ದಾರಿಹೋಕರ ಕೆಮ್ಮು ಮತ್ತು ಕೆಲಸಗಾರರ ಶ್ವಾಸಕೋಶ ಎಂದು ಬರೆದಿದ್ದಳು. ನಾನೇ ತಯಾರಿಸಿದ ಉತ್ತರಸೂಚಿಯಲ್ಲಿ ವ್ಯವಹಾರದ ಹೊರಗಿನವರಿಗೆ ಆದ ನಷ್ಟಕ್ಕೆ ಮಾತ್ರ ಅಂಕ. ಕೆಲಸಗಾರ ಸಂಬಳದ ಒಪ್ಪಂದದ ಒಳಗಿನವನು. ಎರಡು ಅಂಕ ಕಳೆದೆ. ಈ ಪರೀಕ್ಷೆ ಪಾಸಾದವರನ್ನಷ್ಟೇ ಶಾಲೆ ಅಂತಿಮ ಪರೀಕ್ಷೆಗೆ ಕೂರಿಸುತ್ತದೆ. ಅವಳು ಅದೇ ಎರಡು ಅಂಕಕ್ಕೆ ಫೇಲಾದಳು.

“ಮ್ಯಾಮ್, ಪಪ್ಪಾಗೆ ಇನ್ನೂ ಸರಿಯಾಗಿ ಉಸಿರಾಡಕ್ಕೆ ಆಗಲ್ಲ. ಅದು ಕಾಸ್ಟ್ ಅಲ್ವಾ?”

“ಕಾಸ್ಟೇ ಕಣಮ್ಮಾ. ಎಕ್ಸ್‌ಟರ್ನಲ್ ಅಲ್ಲ.”

“ನೀವೂ ಅವತ್ತು ಗೇಟ್ ಹತ್ರಾನೇ ಇದ್ರಿ ಅಂತ ಕ್ಲಾಸಲ್ಲಿ ಹೇಳಿದ್ರಿ ಅಲ್ವಾ? ನಿಮ್ಮ ಕೆಮ್ಮಿಗೆ ಮಾರ್ಕ್ಸ್ ಇದ್ಯಾ?”

“ಇದೆ,” ಎಂದೆ.

ಅವಳು ಉತ್ತರಪತ್ರಿಕೆಯನ್ನು ಮೇಜಿನ ಮೇಲೆ ಬಿಟ್ಟು ಹೋದಳು. ನಾನು ಅಂಕ ತಿದ್ದಲಿಲ್ಲ.