ಬೇಡವೆಂದ ದೀಪಗಳು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಬೆಟ್ಟದ ಮೇಲಿನ ತಿಗನಾರೆಯ ರೈತರ ಸಂಘದಲ್ಲಿ ಗುಮಾಸ್ತನಾಗಿದ್ದೆ. ರಾಗಿ ತೆನೆ ಕಟ್ಟಿತೆಂದರೆ ಆನೆಗಳು ಹೊಲಕ್ಕೆ ಇಳಿಯುತ್ತವೆ. ಅದಕ್ಕೇ ಕಾವಲಿನ ಅಟ್ಟಣೆಗಳಿಗೆಂದು ಬೆಟ್ಟದ ಕೆಳಗಿನ ಸತ್ಯಮಂಗಲದ ಅಂಗಡಿಗೆ ಪೆಟ್ರೋಮ್ಯಾಕ್ಸ್ ದೀಪಗಳ ಆರ್ಡರ್ ಕೊಟ್ಟಿದ್ದೆವು. ದೀಪಾವಳಿಯೊಳಗೆ ತಲುಪಿಸುತ್ತೇನೆಂದು ಅಂಗಡಿಯವನು ಒಪ್ಪಿ ಬರೆದಿದ್ದ. ದೀಪಾವಳಿ ಕಳೆಯಿತು. ಇನ್ನೊಂದು ವಾರ ಗಡುವು ಕೊಟ್ಟು ಬರೆದರೆ ಉತ್ತರವೇ ಇಲ್ಲ. ನಮ್ಮಣ್ಣ ಮಾತ್ರ ದಿನಾ ಬುಡ್ಡಿದೀಪ, ತಮಟೆ ಹಿಡಿದುಕೊಂಡು ಅಟ್ಟಣೆ ಹತ್ತುತ್ತಿದ್ದ. ಅವನ ಬೆನ್ನು ನೋಡಿದಾಗೆಲ್ಲ ನನಗೆ ಅಂಗಡಿಯವನ ಮೇಲೆ ಸಿಟ್ಟು ಬರುತ್ತಿತ್ತು.

ಆ ಸಿಟ್ಟಿಗೆ ಆರ್ಡರ್ ರದ್ದು ಮಾಡುವ ಕಾಗದವನ್ನು ಖಾರವಾಗಿಯೇ ಬರೆದೆ. ಸಂಘದ ಅಧ್ಯಕ್ಷರು ಓದಿಸಿ ಕೇಳಿದರು.

"ಇಷ್ಟ್ ಕಾರ ಯಾಕ್ಲಾ? ಬ್ಯಾಡ ಅನ್ನೋದ್ನ ಮೆತ್ತಗೇ ಅನ್ನು. ಬೆಟ್ಟದ್ ಮ್ಯಾಲಿರೋರ್ಗೆ ಕೆಳಗ್ಲೋರು ಬೇಕಾಯ್ತರೆ ಕಣ್ಲಾ."

ತಿದ್ದಿದೆ. ಆರ್ಡರಿನ ನಂಬರು, ಒಪ್ಪಿದ್ದ ದಿನ, ಕೊಟ್ಟ ಗಡುವು ಎಲ್ಲ ಕಾಣಿಸಿ, 'ಬೆಳೆ ಕಾಯುವ ಕಾಲ ಮೀರುತ್ತಿರುವುದರಿಂದ ಆರ್ಡರನ್ನು ವಿಷಾದದಿಂದ ರದ್ದುಪಡಿಸುತ್ತಿದ್ದೇವೆ, ದಯವಿಟ್ಟು ಸರಕು ಕಳಿಸಬೇಡಿ. ಮುಂದೆಯೂ ನಿಮ್ಮೊಡನೆ ವ್ಯವಹರಿಸುವ ಆಸೆಯಿದೆ' ಎಂದು ಮುಗಿಸಿದೆ. ರಿಜಿಸ್ಟರ್ ಅಂಚೆಗೆ ಹಾಕಿ, ಚಾಮರಾಜನಗರದ ಅಂಗಡಿಗೆ ಹೊಸ ಆರ್ಡರ್ ಕೊಟ್ಟೆವು. ಆ ದೀಪಗಳು ಬರುವ ದಿನವೂ ಗೊತ್ತಾಗಿತ್ತು.

ಅದರ ಮುನ್ನಾದಿನದ ಮುಸ್ಸಂಜೆ. ಮಂಜು ಕವಿದಿತ್ತು. ಅಣ್ಣ ಅಟ್ಟಣೆಗೆ ಹೋಗಿಯಾಗಿತ್ತು. ದಿಂಬಂ ಘಟ್ಟದ ಕಡೆಯ ದಾರಿಯಲ್ಲಿ ಬಿಳೀ ಬೆಳಕುಗಳ ಸಾಲೊಂದು ನೆಲದಿಂದ ಆಳೆತ್ತರದಲ್ಲಿ ತೇಲುತ್ತ ಬಂತು. ಮಾತಿಲ್ಲ, ಗೆಜ್ಜೆ ಸದ್ದಿಲ್ಲ. ಸುಂಯ್ಯೆನ್ನುವ ಉಸಿರು ಮಾತ್ರ. ಊರ ನಾಯಿಗಳು ಬೊಗಳುವುದು ಬಿಟ್ಟು ಜಗುಲಿಯ ಕೆಳಗೆ ನುಸುಳಿದವು. ಸಂಘದೊಳಗಿದ್ದ ಅಧ್ಯಕ್ಷರನ್ನು ನಾನು ಕೂಗಿ ಹೊರಗೆ ಕರೆದೆ.

ಹತ್ತಿರ ಬಂದಾಗ ಅದೊಂದು ಎತ್ತಿನ ಗಾಡಿ. ಅದರ ಸುತ್ತ ತೂಗುಹಾಕಿ, ನಾವು ಬೇಡವೆಂದು ಬರೆದಿದ್ದ ದೀಪಗಳೇ ಉರಿಯುತ್ತಿದ್ದವು. ಸತ್ಯಮಂಗಲದ ಅಂಗಡಿಯವನ ಲಾರಿ ದಾರಿಯಲ್ಲಿ ಕೆಟ್ಟು, ಅವನೇ ಬಾಡಿಗೆ ಗಾಡಿ ಹಿಡಿದು ಬಂದಿದ್ದ. ಆನೆಗೆ ಹೆದರಿ ಎತ್ತಿನ ಗೆಜ್ಜೆಗಳಿಗೆ ಬಟ್ಟೆ ತುರುಕಿದ್ದ. ನಮ್ಮ ಕಾಗದ ಅವನ ಕೈ ಸೇರಿರಲಿಲ್ಲ. ನಾನು ಸಂಘದಲ್ಲಿದ್ದ ಕಾಗದದ ಪ್ರತಿ ಕೊಟ್ಟು, ಬೇರೆ ಕಡೆಯ ದೀಪಗಳು ನಾಳೆ ಬರುತ್ತವೆಂದೆ. ಅವನದೇ ದೀಪದ ಬೆಳಕಲ್ಲಿ ಓದಿದ.

"ನ್ಯಾಯನೇ. ತಪ್ಪು ನಂದು" ಎಂದು ತನ್ನ ತಮಿಳು ಬೆರೆತ ಕನ್ನಡದಲ್ಲಿ ಹೇಳಿ, ಗಾಡಿ ತಿರುಗಿಸಲು ಗಾಡಿಯವನಿಗೆ ಸನ್ನೆ ಮಾಡಿದ.

ಎರಡು ಕಡೆ ಕೊಳ್ಳಲು ಸಂಘಕ್ಕೆ ಶಕ್ತಿಯಿರಲಿಲ್ಲ. ಬೆಳಕು ಹಿಂದಕ್ಕೆ ಸರಿದಂತೆ ಕತ್ತಲು ನಮ್ಮ ಮುಖದ ಮೇಲೇ ಬಂದು ಕೂತಿತು. ಹೊಲದಲ್ಲಿ ಅಣ್ಣನ ತಮಟೆ ಏಕೋ ನಿಂತಿತ್ತು. ಹೊಲದ ಕಡೆ ತಿರುಗಿದ ನನ್ನ ಬಾಯಿಂದ "ಅಣ್ಣಾ" ಎಂದು ಹೊರಟೇಬಿಟ್ಟಿತು.

ಗಾಡಿ ನಿಂತಿತು. ಅಂಗಡಿಯವನು ಕಾಗದದ ಕೊನೆಯ ಸಾಲಿಗೆ ಬೆರಳಿಟ್ಟ. "ಮುಂದೆ ಅಂತ ಬರೆದಿದೀರಲ್ಲ. ಆ ಮುಂದೆ ಇವತ್ತೇ ಆಗ್ಲಿ. ಒಂದು ಇಟ್ಕೊಳ್ಳಿ, ನಾಳೆ ಕಳಿಸಿ."

ಅಧ್ಯಕ್ಷರು ಗಾಡಿಯಿಂದ ಒಂದು ದೀಪ ಇಳಿಸಿ ನನ್ನ ಕೈಗೆ ಕೊಟ್ಟರು.

ದೀಪವನ್ನು ನಾನೇ ಹೊಲಕ್ಕೆ ಒಯ್ದೆ. ಅಣ್ಣ ಅಟ್ಟಣೆಯ ಮೇಲೆ ಬಾಯಿಗೆ ಕೈ ಒತ್ತಿಕೊಂಡು ಕೂತಿದ್ದ. ಬುಡ್ಡಿ ಆರಿಹೋಗಿತ್ತು. ಬೆಳಕು ಬಿದ್ದಾಗ ಕಂಡಿತು. ಅಟ್ಟಣೆಯ ಕಂಬಗಳ ಸುತ್ತ ರಾಗಿ ನೆಲಕ್ಕೆ ಒರಗಿತ್ತು, ಆನೆಗಳು ಆಗಷ್ಟೇ ತುಳಿದು ಹೋದ ತೆನೆಗಳು ಇನ್ನೂ ಒಂದೊಂದೇ ಮೇಲಕ್ಕೇಳುತ್ತಿದ್ದವು.