ಏರುವ ಗೆರೆ ನನ್ನದು, ಇಳಿಯುವ ಗೆರೆ ಸರ್ ಅವರದು

ಮೂಡಲಗಿಯ ಪ್ರೌಢಶಾಲೆಗೆ ಡ್ರಾಯಿಂಗ್ ಟೀಚರಾಗಿ ಸೇರಿದ ವರ್ಷವೇ ಹೆಡ್‌ಮಾಸ್ತರರು ನನ್ನ ಕೈಗೆ ಪ್ರಶಸ್ತಿಪತ್ರಗಳ ಕಟ್ಟು ಕೊಟ್ಟರು. ಮಕ್ಕಳ ಹೆಸರನ್ನು ಕಾಪರ್‌ಪ್ಲೇಟ್ ಎಂಬ ಓರೆ ಇಂಗ್ಲಿಷ್ ಅಕ್ಷರದಲ್ಲಿ, ಚೂಪು ನಿಬ್ಬಿನಿಂದ ಬರೆಯಬೇಕಿತ್ತು. ಅಲ್ಲಿಯವರೆಗೆ ಅದನ್ನು ಬರೆಯುತ್ತಿದ್ದವರು ನಿವೃತ್ತರಾಗಿ ಗೋಕಾಕದಲ್ಲಿ ನೆಲೆಸಿದ್ದ ಹಿಂದಿನ ಡ್ರಾಯಿಂಗ್ ಸರ್.

ಹುಕ್ಕೇರಿಯ ನಮ್ಮ ಮನೆಯಲ್ಲಿ ಕುಳಿತು ಬರೆದೆ. ಮೊದಲ ಹೆಸರಿನಲ್ಲಿ ಶಾಯಿ ಇಳಿಯಲೇ ಇಲ್ಲ, ಎರಡನೆಯದರಲ್ಲಿ ದೊಪ್ಪೆಂದು ಬಿತ್ತು. ಹೆಚ್ಚುವರಿಯಾಗಿ ಕೊಟ್ಟಿದ್ದ ಎರಡು ಪತ್ರಗಳೂ ಹೀಗೆ ಹಾಳಾದವು. ಭಾನುವಾರ ಬೆಳಿಗ್ಗೆ ಕಟ್ಟು ಹಿಡಿದು, ಸರ್ ಮನೆಗೆಂದು ಗೋಕಾಕದ ಬಸ್ಸು ಹತ್ತಿದೆ.

ಸರ್ ನನ್ನ ನಿಬ್ಬನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಹೊಸ ನಿಬ್ಬಿಗೆ ಎಣ್ಣೆ ಸವರಿರುತ್ತಾರೆ, ಅದಕ್ಕೇ ಶಾಯಿ ಹನಿಹನಿಯಾಗಿ ಜಾರುತ್ತದೆ ಎಂದು ಹೇಳಿ, ಟೂತ್‌ಪೇಸ್ಟ್ ಹಚ್ಚಿ ತಿಕ್ಕಿ ತೊಳೆದರು. ಶಾಯಿ ನಿಬ್ಬಿನ ನಡುವಿನ ತೂತು ದಾಟಿ ಕೊಂಚ ಮೇಲಕ್ಕೆ ಬಂದರೆ ಸಾಕು, ಹೆಚ್ಚಾದದ್ದನ್ನು ದೌತಿಯ ಅಂಚಿಗೆ ಒರೆಸಬೇಕು ಎಂದರು. ಕೋನಮಾಪಕ ಇಟ್ಟು ಐವತ್ತೈದು ಡಿಗ್ರಿಗೆ ಪೆನ್ಸಿಲ್ಲಿನಿಂದ ಸಾಲುಸಾಲು ಓರೆಗೆರೆ ಎಳೆದುಕೊಟ್ಟು, ಪ್ರತಿ ಅಕ್ಷರವೂ ಇವುಗಳ ಜೊತೆಯೇ ವಾಲಬೇಕು ಎಂದರು.

"ಕೆಳಗ ಇಳಿವಾಗ ಒತ್ತು, ನಿಬ್ಬಿನ ಎರಡು ತುದಿ ಅಗಲಾಗಿ ಗೆರಿ ದಪ್ಪ ಬರತೈತಿ. ಮ್ಯಾಲ ಏರುವಾಗ ಕಾಗದಕ್ಕ ತಾಗಿದ್ದೂ ಗೊತ್ತಾಗಬಾರದವಾ."

ಮಧ್ಯಾಹ್ನದವರೆಗೂ ಹಳೆಯ ಕಾಗದದ ಮೇಲೆ ಅಭ್ಯಾಸ ಮಾಡಿದೆ. ಶಾಯಿ ತೀರುತ್ತಿದ್ದರೂ ಒತ್ತಿದಾಗ ನಡುವೆ ಬಿಳಿ ಉಳಿದು ರೈಲು ಹಳಿಯಂತೆ ಎರಡು ಗೆರೆ ಬಂತು. ಸರ್ ನಕ್ಕರು, ಮತ್ತೆ ಅದ್ದಲು ಹೇಳಿದರು.

ನೀವೇ ಒಂದು ಹೆಸರು ಬರೆದು ತೋರಿಸಿ ಎಂದು ನಾನು ಕೇಳಿದ್ದೇ ತಪ್ಪಾಯಿತೇನೋ. ಅವರು ಬಲಗೈ ಮುಂದೆ ಚಾಚಿದರು. ಬೆರಳುಗಳು ನಡುಗುತ್ತಿದ್ದವು.

"ಒತ್ತಿದಾಗ ಕೈ ನಿಂದರತೈತಿ. ಹಗುರ ಹಿಡದರ ನಡಗತೈತಿ. ಸಣ್ಣ ಗೆರಿ ಈಗ ನನ್ನಿಂದ ಆಗೂದಿಲ್ಲವಾ," ಎಂದರು.

ನನಗಾದರೋ ದಪ್ಪ ಗೆರೆಯೇ ಕಷ್ಟ, ಒಂದು ಹಿಗ್ಗಿದರೆ ಇನ್ನೊಂದು ಕುಗ್ಗುತ್ತಿತ್ತು. ಸಣ್ಣ ಗೆರೆ ಮಾತ್ರ ಕೈಗೆ ಒಲಿದಿತ್ತು. ಕಾಪರ್‌ಪ್ಲೇಟನ್ನು ಒಂದೇ ಓಟದಲ್ಲಿ ಬರೆಯುವುದಿಲ್ಲ, ಗೆರೆಗೊಮ್ಮೆ ಪೆನ್ನು ಎತ್ತುತ್ತಾರೆ. ಅಳುಕುತ್ತಲೇ ಹೇಳಿದೆ:

"ಸರ್, ಏರೂ ಗೆರಿ ನಾ ಎಳೀತೇನ್ರಿ. ಇಳಿಯೂದು ನೀವು ಎಳೀರಿ."

ಅವರು ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡರು. ಮೊದಲ ಪತ್ರ ಕೊಣ್ಣೂರಿನಿಂದ ಬರುತ್ತಿದ್ದ ಹುಡುಗಿಯದು. ನಾನು ಕೂದಲೆಳೆಯಷ್ಟು ಗೆರೆ ಏರಿಸಿ ಪೆನ್ನು ದಾಟಿಸುವುದು, ಅವರು ಒತ್ತಿ ಇಳಿಸುವುದು. ಹೆಸರು ಮುಗಿದಾಗ ಇಬ್ಬರೂ ಉಸಿರು ಬಿಟ್ಟೆವು. ಉಳಿದ ಹೆಸರುಗಳನ್ನೂ ಹಾಗೆಯೇ ಬರೆದೆವು. ಅವರ ಮಡದಿ ಎರಡು ಸಲ ಚಹಾ ತಂದಿಟ್ಟರು, ಎರಡೂ ಸಲ ಆರಿಹೋಯಿತು.

ಶಾಲೆಯಲ್ಲಿ ಯಾರಿಗೂ ಅದು ಇಬ್ಬರ ಬರಹವೆಂದು ತಿಳಿಯಲಿಲ್ಲ. ಮರುವರ್ಷ ನಾನೊಬ್ಬಳೇ ಬರೆದೆ, ದಪ್ಪ ಗೆರೆಯೂ ಹದಕ್ಕೆ ಬಂದಿತ್ತು. ಆದರೂ ಪತ್ರಗಳನ್ನು ಗೋಕಾಕಕ್ಕೆ ಒಯ್ದು ತೋರಿಸಿದೆ. ಸರ್ ಒಂದೊಂದನ್ನೂ ಓರೆಯಾಗಿ ಹಿಡಿದು ನೋಡಿ, ಇನ್ನು ಕಲಿಯಲಿಕ್ಕೆ ನನ್ನ ಕಡೆ ಬರುವ ಅಗತ್ಯವಿಲ್ಲ ಎಂದರು. ನಾನು ಮಾತ್ರ ಹೋಗುತ್ತಲೇ ಇದ್ದೆ.